‘ಉತ್ತಮ’ದ ಕೆಳಗಿನ ಹಸಿರು ಅಕ್ಷರ

ಸಿಂದಗಿ ತಾಲ್ಲೂಕಿನ ಆ ಊರಿನ ಸಾಲಿಗೆ ನಾನು ಮಾಸ್ತರನಾಗಿ ಹೋದದ್ದು ತೀರಿಕೊಂಡವರೊಬ್ಬರ ಜಾಗಕ್ಕೆ. ಐದನೇ ತರಗತಿಗೆ ಗಣಿತ ಹೇಳುತ್ತಿದ್ದ ಶಿಕ್ಷಕಿ, ಮಕ್ಕಳ ಬಾಯಲ್ಲಿ ‘ಬಾಯಾರು’, ಮಳೆಗಾಲದಲ್ಲಿ ಜ್ವರ ಬಂದು ಹೋಗಿಬಿಟ್ಟಿದ್ದರು. ಅವರ ಕುರ್ಚಿ, ಅವರ ಕಪಾಟು, ಕೊನೆಗೆ ಅವರ ಕಪಾಟಿನ ಕೀಲಿಯೂ ನನ್ನ ಪಾಲಿಗೆ ಬಂತು.

ನೋಟುಬುಕ್ ತಿದ್ದುವುದೆಂದರೆ ನನಗೆ ಮೊದಲಿನಿಂದಲೂ ತಲೆನೋವು. ಸಾಹೇಬರು ತಪಾಸಣೆಗೆ ಬರುತ್ತಾರೆಂದು ಗೊತ್ತಾದ ಕೂಡಲೇ ಎಲ್ಲ ಪುಸ್ತಕಗಳನ್ನು ಒಟ್ಟಿಕೊಂಡು ಕೂತು ಗೀಟು, ‘ಉತ್ತಮ’, ಸಹಿ, ದಿನಾಂಕ ಹಾಕಿ ಮುಗಿಸುತ್ತಿದ್ದೆ. ಲೆಕ್ಕ ಸರಿಯೋ ತಪ್ಪೋ ಯಾರು ನೋಡುತ್ತಾರೆ? ಸಾಹೇಬರೂ ನೋಡುವುದು ಸಹಿಯನ್ನೇ. ಆ ಸಲವೂ ಸಂಜೆ ನಾಲ್ಕಕ್ಕೆ ಎಲ್ಲ ಮುಗಿಸಿ, ಕಪಾಟಿಗೆ ಬೀಗ ಜಡಿದು, ಕೀಲಿ ಜೇಬಿಗೆ ಹಾಕಿಕೊಂಡು ಬಸ್ ಹತ್ತಿದೆ.

ಮರುದಿನ ಬೆಳಗ್ಗೆ ತೆಗೆದಾಗ ಒಬ್ಬ ಹುಡುಗಿಯ ಪುಸ್ತಕದಲ್ಲಿ ಹಸಿರು ಶಾಯಿ ಕಂಡಿತು. ಅವಳು ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸಿ ಆರನೇ ಎರಡು ಎಂದು ಬರೆದಿದ್ದಳು. ನಾನು ಅದಕ್ಕೆ ಗೀಟು ಎಳೆದು ‘ಉತ್ತಮ’ ಎಂದಿದ್ದೆ. ಅದರ ಕೆಳಗೆ ದುಂಡನೆಯ ಅಕ್ಷರ: ‘ಛೇದ ಬೇರೆ ಇರುವ ಭಿನ್ನರಾಶಿ ಕೂಡಿಸಲು ಕಲಿಯುತ್ತಿದ್ದೀ. ಎರಡೂ ಛೇದಗಳನ್ನು ಆರು ಮಾಡಿದ್ದು ಸರಿ. ಮೇಲಿನ ಅಂಶ ಮಾತ್ರ ಹಾಗೇ ಉಳಿದಿದೆ. ಈಗ ಒಂದು ರೊಟ್ಟಿ ಬರೆದು ಆರು ತುಂಡು ಮಾಡು. ಅರ್ಧ ರೊಟ್ಟಿಯಲ್ಲಿ ಎಷ್ಟು ತುಂಡು, ಮೂರನೇ ಒಂದರಲ್ಲಿ ಎಷ್ಟು, ಎಣಿಸು. ಆಮೇಲೆ ಇದೇ ಲೆಕ್ಕ ಮತ್ತೆ ಮಾಡು.’

ಶಾಯಿ ಇನ್ನೂ ಹಸಿಯಾಗಿತ್ತು, ಬೆರಳಿಗೆ ಹತ್ತಿತು. ಹೊರಗೆ ನಿಚ್ಚಳ ಬಿಸಿಲು, ತೊಗರಿ ಹೊಲದಿಂದ ಬೀಸುವ ಗಾಳಿ. ಬೀಗವನ್ನು ತಿರುಗಿಸಿ ತಿರುಗಿಸಿ ನೋಡಿದೆ, ಯಾರೂ ಮುರಿದಿರಲಿಲ್ಲ.

ಹುಡುಗಿಯನ್ನು ಕರೆದು ಗದರಿಸಿದೆ. “ಯಾರು ಬರದದ್ದು ಇದು?”

“ಬಾಯಾರ್ರಿ ಸರ್.”

“ಯಾವ ಬಾಯಾರು?”

“ಮೊದಲಿನ ಬಾಯಾರ್ರಿ.” ಅವಳು ನನ್ನನ್ನಲ್ಲ, ಅಕ್ಷರಗಳನ್ನು ನೋಡುತ್ತಿದ್ದಳು. ಅಲ್ಲೇ ಕೂತು ರೊಟ್ಟಿ ಬರೆದಳು, ಮೂರು ತುಂಡಿಗೆ ಗೆರೆ ಹಾಕಿದಳು, ಎರಡಕ್ಕೆ ಚುಕ್ಕಿ ಇಟ್ಟಳು. ಆರನೇ ಐದು ಎಂದು ಬರೆದು ತಾನೇ ನಕ್ಕಳು.

ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಅವಳು ಕೂರುವವಳಿದ್ದಳು. ಅಲ್ಲಿ ಸೀಟು ಸಿಗದಿದ್ದರೆ ಸಾಲಿ ಬಿಡಿಸಿ ಕಬ್ಬು ಕಡಿಯಲು ಕರೆದೊಯ್ಯುತ್ತೇವೆಂದು ಮನೆಯವರು ಹೇಳಿದ್ದು ಇಡೀ ಊರಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಗೊತ್ತಿದ್ದೂ ತಪ್ಪು ಲೆಕ್ಕಕ್ಕೆ ‘ಉತ್ತಮ’ ಬರೆದಿದ್ದೆ.

ಹೆಡ್‌ಮಾಸ್ತರರಿಗೆ ಪುಸ್ತಕ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, ಮಡಚಿ, ನನ್ನ ಕೈಗೆ ಕೊಟ್ಟರು. “ಅಕ್ಷರ ಅವರದಽ ಐತ್ರಿ. ಇದನ್ನ ಯಾರ ಮುಂದೂ ಹೇಳಬ್ಯಾಡ್ರಿ,” ಎಂದರು.

ನನಗೆ ಹೆದರಿಕೆಗಿಂತ ಸಿಟ್ಟು ಹೆಚ್ಚಾಯಿತು. ಆ ಸಂಜೆ ಹಟದಿಂದ ಅವಳ ಪುಸ್ತಕಕ್ಕೆ ‘ಇನ್ನೂ ಪ್ರಯತ್ನ ಬೇಕು’ ಎಂದು ದಪ್ಪಗೆ ಬರೆದು ಬೀಗ ಹಾಕಿದೆ. ಬೆಳಗ್ಗೆ ಅದರ ಕೆಳಗೆ ಒಂದೇ ಸಾಲು ಇತ್ತು. ಅದು ಹುಡುಗಿಗೆ ಬರೆದದ್ದಲ್ಲ.

‘ಇದನ್ನು ಓದಿ ಈ ಮಗು ಇವತ್ತು ಏನು ಮಾಡಬೇಕು, ಸರ್?’

ಆ ‘ಸರ್’ ಓದಿ ಹಿಂದೆ ತಿರುಗಿ ನೋಡಿದೆ. ಖಾಲಿ ಕೋಣೆಯಲ್ಲಿ ಯಾರೋ ಉತ್ತರಕ್ಕಾಗಿ ನಿಂತಂತಿತ್ತು. ನಾಚಿಕೆಯಾಗಿ, ನಾನು ಬರೆದ ಸಾಲನ್ನು ಹೊಡೆದುಹಾಕಿದೆ.

ಅಂದಿನಿಂದ ಕೂತು ಓದತೊಡಗಿದೆ. ಅವಳ ಪ್ರತಿ ಲೆಕ್ಕದಲ್ಲೂ ಎಲ್ಲಿಯವರೆಗೆ ಸರಿಯಾಗಿ ಬಂದಿದ್ದಾಳೆ, ಎಲ್ಲಿ ಹಾದಿ ತಪ್ಪಿದ್ದಾಳೆ ಹುಡುಕಿದೆ. ಮೊದಮೊದಲು ಒಂದು ಪುಸ್ತಕಕ್ಕೆ ಅರ್ಧ ತಾಸು ಹಿಡಿಯುತ್ತಿತ್ತು. ಕಳೆಯುವ ಲೆಕ್ಕದಲ್ಲಿ ಅವಳು ಎಡವಿದ್ದು ದಶಕ ಎರವಲು ತರುವಾಗಲ್ಲ, ನಡುವೆ ಸೊನ್ನೆ ಬಂದಾಗ ಮಾತ್ರ ಎಂದು ತಿಳಿಯಲು ನನಗೆ ಮೂರು ದಿನ ಬೇಕಾಯಿತು. ‘ಸೊನ್ನೆ ಇರುವ ಎರಡೇ ಲೆಕ್ಕ ಮಾಡಿ, ಉತ್ತರಕ್ಕೆ ಕಳೆದ ಸಂಖ್ಯೆ ಕೂಡಿಸಿ ನೀನೇ ತಾಳೆ ನೋಡು’ ಎಂದು ಬರೆದೆ. ಅವಳು ಮಾಡಿ ತಂದಳು. ಉಳಿದ ಮಕ್ಕಳಿಗೂ ಹಾಗೇ ಬರೆಯತೊಡಗಿದೆ. ಹಸಿರು ಅಕ್ಷರ ಮಾತ್ರ ದಿನದಿನಕ್ಕೆ ಕಡಿಮೆಯಾಗುತ್ತ ಬಂದು, ಪರೀಕ್ಷೆಯ ವಾರಕ್ಕೆ ಪೂರ್ತಿ ನಿಂತಿತು. ಹೇಳಲು ಸಂಕೋಚ, ನಾನು ಅದಕ್ಕಾಗಿ ಕಾಯುತ್ತಿದ್ದೆ.

ವಸತಿ ಶಾಲೆಯ ಪಟ್ಟಿಯಲ್ಲಿ ಅವಳ ಹೆಸರು ಬಂತು. ವರ್ಗಾವಣೆ ಪತ್ರ ಒಯ್ಯಲು ಅಪ್ಪನ ಜೊತೆ ಬಂದಳು. ಅಪ್ಪ ಸಹಿ ಮಾಡುತ್ತಿದ್ದಾಗ ನಾನು ಮೆಲ್ಲಗೆ ಕೇಳಿದೆ, “ಬಾಯಾರು ಈಗ ಯಾಕ ಬರಿಯಾಂಗಿಲ್ಲ?”

ಅವಳು ಇಷ್ಟೂ ಗೊತ್ತಿಲ್ಲವೇ ಎಂಬಂತೆ ನನ್ನ ಮುಖ ನೋಡಿದಳು.

“ಅವರು ದಿನಾ ನಿಮ್ಮ ಹಿಂದ ನಿಂತು ನೋಡ್ತಿದ್ರಲ್ರಿ ಸರ್. ನಿಮಗ ತಿದ್ದಾಕ ಬಂತು ಅಂತ ಹೋದ್ರು.”