ಏಳನೇ ಮಶೀನಿನ ನೂಲು

ಏಳನೇ ಮಶೀನಿನಲ್ಲಿ ರಾತ್ರಿ ಪಾಳಿಗೆ ಮೂರು–ನಾಲ್ಕು ಕಿಲೋ ನೂಲು ಕಾಣೆಯಾಗುತ್ತಿದೆ ಎಂದು ಮೊದಲು ಹೇಳಿದ್ದು ಕಂಪ್ಯೂಟರು. ಯಾರು ಒಯ್ಯುತ್ತಾರೆ ಎಂದು ಅದು ಹೇಳಲಿಲ್ಲ. ಅದನ್ನು ಗೇಟಿನವರು ತಾವೇ ಊಹಿಸಿಕೊಂಡರು. ಆ ಮಶೀನು ನೋಡಿಕೊಳ್ಳುವವಳು ಲಕ್ಕವ್ವ. ಬೆಳಿಗ್ಗೆ ಪಾಳಿ ಬಿಟ್ಟಾಗ ಅವಳ ಊಟದ ಚೀಲವನ್ನು ಎಲ್ಲರೆದುರು ಮೇಜಿನ ಮೇಲೆ ಸುರುವಿ ನೋಡಿದರು. ಖಾಲಿ ಡಬ್ಬಿ, ಒಂದು ಹಳೆಯ ಸ್ವೆಟರು, ಅರ್ಧ ತಿಂದ ರೊಟ್ಟಿ. ನೂಲು ಸಿಗಲಿಲ್ಲ. ಸಿಗದೇ ಇದ್ದದ್ದು ಅವಳು ಜಾಣೆ ಎಂಬುದಕ್ಕೆ ಸಾಕ್ಷಿಯಾಯಿತು.

ಗೋಕಾಕದಿಂದ ಕೊಣ್ಣೂರಿಗೆ ಹೋಗುವ ದಾರಿಯಲ್ಲಿರುವ ಆ ಚಿಕ್ಕ ನೂಲಿನ ಗಿರಣಿಯಲ್ಲಿ ಗುರುಲಿಂಗಪ್ಪ ರಾತ್ರಿ ಪಾಳಿಯ ಸುಪರ್‌ವೈಸರ್. ಮೇಲವಂಕಿಯವನು. ಹತ್ತನೇ ಇಯತ್ತೆ ಮುಗಿಸಿ ನೂಲು ಸುತ್ತುವ ಬಾಬಿನ್ ಹೊರುವ ಕೆಲಸಕ್ಕೆ ಸೇರಿ, ಮೆಲ್ಲಗೆ ಮೇಲೆ ಬಂದವನು. ದೊಡ್ಡ ದನಿ ಮಾಡಿದವನಲ್ಲ. ಎಲ್ಲರೂ ಅವನನ್ನು ಕಾಕಾ ಎಂದೇ ಕರೆಯುತ್ತಿದ್ದರು. ಹಾಗೆ ಕರೆಸಿಕೊಳ್ಳುವುದು ಅವನಿಗೆ ಪಗಾರಕ್ಕಿಂತ ಹೆಚ್ಚು ಹಿತವಾಗಿತ್ತು ಎಂದು ಅವನ ಹೆಂಡತಿ ದಾನೇಶ್ವರಿ ಚೇಷ್ಟೆ ಮಾಡುತ್ತಿದ್ದಳು.

ಅವನ ರಿಜಿಸ್ಟರಿನ ರೀತಿ ಸರಳ. ಮಶೀನಿನಿಂದ ಇಳಿಸಿದ ಬಾಬಿನ್‌ಗಳನ್ನು ಗಾಡಿಯಲ್ಲಿ ತುಂಬಿ ತೂಕದ ಕಾಟಾದ ಮೇಲೆ ನಿಲ್ಲಿಸುವುದು, ಗಾಡಿಯ ತೂಕ, ಖಾಲಿ ಬಾಬಿನ್‌ಗಳ ತೂಕ ಕಳೆಯುವುದು, ಉಳಿದದ್ದನ್ನು ನೂಲು ಎಂದು ಬರೆಯುವುದು. ಕಂಪ್ಯೂಟರಿನ ಹೊಸ ವ್ಯವಸ್ಥೆ ಯಾವುದನ್ನೂ ತೂಗುತ್ತಿರಲಿಲ್ಲ. ಹತ್ತಿಯ ಎಳೆಯನ್ನು ಹೊರಗೆ ಬಿಡುವ ಮುಂದಿನ ರೋಲರಿಗೆ ಒಂದು ಸೆನ್ಸರ್ ಕೂಡಿಸಿದ್ದರು. ರೋಲರು ಎಷ್ಟು ಸುತ್ತು ತಿರುಗಿತೋ ಅಷ್ಟು ಉದ್ದದ ಎಳೆ ಹೊರಬಂತು. ಅದನ್ನು ಮಶೀನಿನಲ್ಲಿ ನೂಲು ಸುತ್ತುವ ಸಾವಿರ ಕದಿರುಗಳಿಗೆ ಗುಣಿಸಿ, ನೂಲು ಎಷ್ಟು ಸಣ್ಣದೆಂದು ಹೇಳುವ ನಂಬರು ನೋಡಿ, ಕಂಪ್ಯೂಟರು ಕಿಲೋ ಹೇಳುತ್ತಿತ್ತು. ಎಳೆ ಹರಿದು ಸುಮ್ಮನೆ ತಿರುಗುವ ಕದಿರುಗಳಿಗೆಂದು ನೂರಕ್ಕೆ ಎರಡು ಮಾತ್ರ ಬಿಟ್ಟಿತ್ತು.

ಬೇರೆ ಮಶೀನುಗಳಲ್ಲಿ ಎರಡೂ ಲೆಕ್ಕ ಹೆಚ್ಚುಕಡಿಮೆ ಹೊಂದುತ್ತಿದ್ದವು. ಏಳರಲ್ಲಿ ಹೊಂದುತ್ತಿರಲಿಲ್ಲ. ಅದು ಯಾಕೆಂದು ಗುರುಲಿಂಗಪ್ಪನಿಗೆ ಗೊತ್ತಿತ್ತು. ಗೊತ್ತಿದ್ದೇ ಹದಿನೈದು ದಿನ ಬಾಯಿ ಬಿಡಲಿಲ್ಲ.

ರಾತ್ರಿ ಪಾಳಿಯಲ್ಲಿ ಒಂದು ಪದ್ಧತಿ ಇತ್ತು. ನಡುರಾತ್ರಿ ಚಹಾ ಆದ ಮೇಲೆ ಒಬ್ಬೊಬ್ಬರು ಸರದಿಯಂತೆ ಅರ್ಧ ತಾಸು ಹತ್ತಿ ಚೀಲಗಳ ಹಿಂದೆ ಮಲಗುವುದು. ಮೊದಲು ಆ ಹೊತ್ತು ಮಶೀನು ನಿಲ್ಲಿಸಿ, ರಿಜಿಸ್ಟರಿನಲ್ಲಿ ಸ್ವಚ್ಛ ಮಾಡಿದ್ದು ಎಂದು ಬರೆಯುತ್ತಿದ್ದರು. ಹೊಸ ವ್ಯವಸ್ಥೆ ಬಂದ ಮೇಲೆ ಮಶೀನು ನಿಂತರೆ ಮ್ಯಾನೇಜರರ ಫೋನಿನಲ್ಲಿ ಕೆಂಪು ಬೀಳತೊಡಗಿತು. ಹಾಗಾಗಿ ನಿಲ್ಲಿಸುವುದನ್ನು ಬಿಟ್ಟರು. ಮಲಗಿದವರ ಮಶೀನನ್ನು ಬಾಜೂದವರು ನೋಡಿಕೊಳ್ಳುವುದಾಯಿತು. ಒಬ್ಬರಿಗೆ ಎರಡು ಮಶೀನು. ಎಳೆ ಹರಿಯುವಷ್ಟು ಬೇಗ ಕೂಡಿಸಲು ಕೈ ಸಾಲದು. ಹರಿದ ಎಳೆಯ ಹತ್ತಿ ನೂಲಾಗದೆ, ಕೆಳಗಿನ ಕೊಳವೆ ಅದನ್ನು ಹೀರಿ ಪೆಟ್ಟಿಗೆಗೆ ಒಯ್ಯುತ್ತಿತ್ತು. ರೋಲರು ಮಾತ್ರ ತಿರುಗುತ್ತಲೇ ಇತ್ತು, ಕಂಪ್ಯೂಟರು ಎಣಿಸುತ್ತಲೇ ಇತ್ತು. ಎಲ್ಲ ಪೆಟ್ಟಿಗೆಗಳ ಹತ್ತಿಯನ್ನೂ ಒಂದೇ ಗೋಣಿಗೆ ತುಂಬುತ್ತಿದ್ದುದರಿಂದ ಯಾವ ಮಶೀನಿನದು ಎಷ್ಟು ಎಂದು ತಿಳಿಯುವಂತಿರಲಿಲ್ಲ.

ಉಳಿದವರು ದಿನ ಬಿಟ್ಟು ದಿನ ಮಲಗುತ್ತಿದ್ದರು. ಲಕ್ಕವ್ವ ದಿನಾ ಮಲಗುತ್ತಿದ್ದಳು, ಒಂದೊಂದು ಸಲ ತಾಸಿಗಿಂತ ಹೆಚ್ಚು. ಬೆಳಿಗ್ಗೆ ಇಲ್ಲಿಂದ ಹೋಗಿ ಅವಳು ಸಾಲಿಯಲ್ಲಿ ಮಕ್ಕಳ ಬಿಸಿಯೂಟ ಬೇಯಿಸುತ್ತಿದ್ದಳು. ಗಂಡ ಬಾವಿ ಕೆಲಸದಲ್ಲಿ ಬಿದ್ದು ಸೊಂಟ ಹೋಗಿತ್ತು. ಪಾಳಿಯವರೇ ತಮ್ಮ ಸರದಿ ಅವಳಿಗೆ ಬಿಟ್ಟುಕೊಟ್ಟಿದ್ದರು. ಬರುವ ತಿಂಗಳು ಅವಳನ್ನು ಕಾಯಂ ಮಾಡುವ ಮಾತಿತ್ತು. ಈಗ ಅದರ ಬದಲು ಕಳವಿನ ನೋಟೀಸು ಬರುವಂತಾಗಿತ್ತು.

ಚೀಲ ಸುರುವಿದ ಮೂರನೆಯ ದಿನ ಅವಳು ಗುರುಲಿಂಗಪ್ಪನ ಮುಂದೆ ನಿಂತಳು. ಅಳಲಿಲ್ಲ.

“ಕಾಕಾ, ನನ್ನ ಮಗಳು ನಮ್ಮ ಗಿರಣಿ ಮಂದಿ ಹೋಗೋ ಬಸ್ಸಿನ್ಯಾಗ ಕಾಲೇಜಿಗೆ ಹೋಗತಾಳ. ಬಸ್ಸಿನ್ಯಾಗಿನ ಮಂದಿ ಆಕಿಗಿ ಕಳ್ಳಿ ಮಗಳು ಅನ್ನಾಕತ್ತಾರ. ನಿಮಗ ಖರೆ ಗೊತ್ತೈತಿ.”

ಅವನು ಹೌದೆಂದು ತಲೆಯಾಡಿಸಿದ.

ಸಿಸ್ಟಮ್ ನೋಡಿಕೊಳ್ಳುತ್ತಿದ್ದ ನಿತಿನ ಹುಕ್ಕೇರಿಯ ಕಡೆಯ ಹುಡುಗ, ಎಂಜಿನಿಯರ್, ಕೆಟ್ಟವನಲ್ಲ. ಅವನ ಎದುರೇ ತೂಕ ಮಾಡೋಣ ಎಂದು ಗುರುಲಿಂಗಪ್ಪ ಕೇಳಿದಾಗ ಒಪ್ಪಿದ. ಆ ದಿನ ಪಾಳಿ ಶುರುವಾಗುವ ಮೊದಲು ಏಳನೇ ಮಶೀನಿನ ಪೆಟ್ಟಿಗೆಯನ್ನು ಕೈಯಿಂದ ಬಳಿದು ಖಾಲಿ ಮಾಡಿದರು. ಎಂದಿನಂತೆಯೇ ಕೆಲಸ ನಡೆಯಲಿ ಎಂದು ಗುರುಲಿಂಗಪ್ಪ ಹೇಳಿದ್ದ. ಎಂದಿನಂತೆಯೇ ನಡೆಯಿತು. ಬೆಳಿಗ್ಗೆ ನಿತಿನ ಬಂದ ಮೇಲೆ ಆ ಪೆಟ್ಟಿಗೆಯ ಹತ್ತಿಯನ್ನಷ್ಟೇ ಬೇರೆ ತೂಗಿದರು. ನೂಲಿನ ತೂಕಕ್ಕೆ ಅದನ್ನು ಕೂಡಿಸಿದರೆ ಕಂಪ್ಯೂಟರಿನ ಅಂಕಿ ಬಂತು. ಕಾಲು ಕಿಲೋ ಆಚೀಚೆ ಇರಲಿಲ್ಲ.

ನಿತಿನ ಖುಷಿಯಿಂದ ತಾನೇ ಮ್ಯಾನೇಜರರಿಗೆ ಫೋನ್ ಮಾಡಿ, ಕಳವು ಆಗಿಲ್ಲ ಎಂದ. ಆಮೇಲೆ ಕುರ್ಚಿ ಎಳೆದುಕೊಂಡು ಕುಳಿತು, ಇಷ್ಟೊಂದು ಎಳೆ ಇದೊಂದರಲ್ಲೇ ಯಾಕೆ ಹರಿಯುತ್ತವೆ, ರೋಲರಿನ ರಬ್ಬರು ಸವೆದಿದೆಯೋ ಏನೋ ಎಂದು ಕೇಳಿದ. ಹೌದು ಎಂದುಬಿಡಬಹುದಿತ್ತು. ಆದರೆ ರಬ್ಬರು ಹೋದ ತಿಂಗಳಷ್ಟೇ ಬದಲಿಸಿದ್ದು, ಹಾಗೆಂದು ರಿಜಿಸ್ಟರಿನಲ್ಲಿ ಇವನದೇ ಅಕ್ಷರ. ತೂಕ ತಾಳೆ ನೋಡಲು ಕೊಟ್ಟಿದ್ದ ಆ ರಿಜಿಸ್ಟರಿನ ಹಾಳೆಗಳನ್ನು ನಿತಿನ ತಿರುವುತ್ತ ಹೋದ. ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ಒಂದೊಂದೇ ಅಕ್ಷರಗಳಿದ್ದವು. ಸರದಿಗಾಗಿ ಜಗಳವಾಗಬಾರದೆಂದು, ಆ ರಾತ್ರಿ ಯಾರು ಮಲಗಿದರು ಎಂದು ಗುರುಲಿಂಗಪ್ಪ ಗುರುತು ಹಾಕುತ್ತಿದ್ದ. ರಿಜಿಸ್ಟರು ಕೊಡುವಾಗ ಅದರ ನೆನಪೇ ಅವನಿಗೆ ಬಂದಿರಲಿಲ್ಲ. ಅದು ಅವನಿಗೆ ಲೆಕ್ಕವೇ ಆಗಿರಲಿಲ್ಲ.

“ಈ ‘ಲ’ ಅಂದ್ರ ಏನ್ರಿ, ದಿನಾ ಐತೆಲ್ಲಾ?” ನಿತಿನ ಕೇಳಿದ.

ಸುಳ್ಳು ಹೇಳಿದರೆ ಆಗಷ್ಟೇ ನಂಬಿದ ತೂಕವನ್ನೂ ಇವನು ನಂಬಲಿಕ್ಕಿಲ್ಲ ಎನಿಸಿ, ಗುರುಲಿಂಗಪ್ಪ ಇದ್ದದ್ದನ್ನು ಇದ್ದಂತೆ ಹೇಳಿದ. ತಾನೇ ಒಪ್ಪಿಗೆ ಕೊಟ್ಟದ್ದು, ತಪ್ಪು ತನ್ನದು, ತನ್ನನ್ನು ತೆಗೆಯಿರಿ ಎಂದೂ ಹೇಳಿದ. ನಿತಿನ ಮುಖ ಸಣ್ಣದು ಮಾಡಿದ. ಗೊತ್ತಾದ ಮೇಲೆ ಮೇಲೆ ತಿಳಿಸದೆ ಇರಲು ತನಗೆ ಬರುವುದಿಲ್ಲ ಎಂದ.

ಗಿರಣಿಯವರು ಗುರುಲಿಂಗಪ್ಪನನ್ನು ತೆಗೆಯಲಿಲ್ಲ. ರಾತ್ರಿ ಪಾಳಿ ನಡೆಸುವವರು ಬೇರೆ ಸಿಗುವುದಿಲ್ಲ. ಅವನಿಗೆ ಬುದ್ಧಿಮಾತಿನ ಒಂದು ಪತ್ರ ಕೊಟ್ಟು, ರಿಜಿಸ್ಟರು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಲಕ್ಕವ್ವನ ಪತ್ರದಲ್ಲಿ ಕಳವಿನ ಮಾತಿರಲಿಲ್ಲ. ಕೆಲಸದ ವೇಳೆಯಲ್ಲಿ ನಿದ್ರೆ ಎಂದಿತ್ತು. ಕಾಯಂ ಆಗಿರಲಿಲ್ಲವಾದ್ದರಿಂದ ಅವಳನ್ನು ಕೆಲಸದಿಂದ ತೆಗೆಯಲು ಅಷ್ಟೇ ಸಾಕಾಯಿತು.

ಪತ್ರ ತೆಗೆದುಕೊಂಡು ಹೋಗುವಾಗ ಅವಳು ಗೇಟಿನ ಹತ್ತಿರ ಅವನಿಗಾಗಿ ನಿಂತಿದ್ದಳು. ಯೂನಿಯನ್ನಿನವರನ್ನು ಕಂಡು ಬರುತ್ತೇನೆ, ಗೋಕಾಕದಲ್ಲಿ ಒಬ್ಬ ವಕೀಲರಿದ್ದಾರೆ ಎಂದು ಅವನು ಏನೇನೋ ಹೇಳತೊಡಗಿದ. ಅವಳು ಕೇಳಿಸಿಕೊಂಡಳು.

“ಕಳ್ಳಿ ಅಂತ ತಗದಿದ್ರ ನಾ ಕೋರ್ಟಿಗಿ ಹೋಗತಿದ್ದೆ ಕಾಕಾ,” ಅಂದಳು. “ನಾ ಕದ್ದಿಲ್ಲಲಾ. ಆದ್ರ ಮಲಗಿದ್ದು ಖರೆನ ಐತಿ. ಖರೆ ಇದ್ದದ್ದಕ್ಕ ಯಾರ ಮುಂದ ಹೋಗಲಿ?”

ಆಮೇಲೆ ಚೀಲವನ್ನು ತಾನಾಗಿಯೇ ಗೇಟಿನವನ ಮೇಜಿನ ಮೇಲೆ ಸುರುವಿದಳು. ಗೇಟಿನವನು ಬೇಡ ಎಂದರೂ ಸುರುವಿದಳು. ಎಲ್ಲವನ್ನೂ ಒಂದೊಂದಾಗಿ ಒಳಗೆ ಹಾಕಿಕೊಂಡು ಬಸ್ಸಿಗೆ ನಡೆದಳು.

ಏಳನೇ ಮಶೀನಿಗೆ ಮೂಡಲಗಿಯ ಒಬ್ಬ ಹೊಸ ಹುಡುಗಿ ಬಂದಿದ್ದಾಳೆ. ಈಗ ಪಾಳಿಯಲ್ಲಿ ಯಾರೂ ಮಲಗುವುದಿಲ್ಲ. ಕಾಟಾದ ಅಂಕಿ ಮತ್ತು ಕಂಪ್ಯೂಟರಿನ ಅಂಕಿ ದಿನವೂ ಕೂಡುತ್ತವೆ, ಪರದೆಯ ಮೇಲೆ ಹಸಿರು ಇರುತ್ತದೆ. ಚಹಾದ ಹೊತ್ತಿಗೆ ಗುರುಲಿಂಗಪ್ಪ ಹತ್ತಿರ ಬಂದರೆ ಮಾತು ನಿಲ್ಲುತ್ತದೆ. ಯಾರಾದರೂ ಎದ್ದು ಜಾಗ ಬಿಟ್ಟು, “ಕುಂಡರ್ರಿ ಸಾಹೇಬ್ರ,” ಅನ್ನುತ್ತಾರೆ.