ಬೇವೂರಿನವರು ಒತ್ತದ ಬಟನ್

ಭಾಗ್ಯನಗರದ ರೇಣುಕಾ ಮದುವೆ ಕಾರ್ಡು ಟೈಪ್ ಮಾಡುತ್ತಿದ್ದ ಅಂಗಡಿ ಮುಚ್ಚಿದ ಮೇಲೆ ಮೊಬೈಲ್ ಆ್ಯಪ್‌ಗಳನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದಳು. ಆ್ಯಪ್ ಹೇಗಿದೆಯೆಂದು ಅವಳಿಗೆ ಯಾರೂ ತೋರಿಸುತ್ತಿರಲಿಲ್ಲ. ಏಜೆನ್ಸಿಯಿಂದ ಒಂಟಿ ಒಂಟಿ ಇಂಗ್ಲಿಷ್ ಪದಗಳು ಬರುತ್ತಿದ್ದವು, ಎದುರಿಗೆ ಕನ್ನಡ ತುಂಬಬೇಕು. ‘ಹೋಮ್’ ಅಂದರೆ ಮನೆಯೋ ಮೊದಲ ಪುಟವೋ, ‘ಕ್ಲಿಯರ್’ ಅಂದರೆ ಅಳಿಸುವುದೋ ಸ್ಪಷ್ಟವೋ, ಊಹೆ ಮಾಡುವುದೇ ಅರ್ಧ ಕೆಲಸ.

ಅವಳು ಬರೆದದ್ದನ್ನು ತಿದ್ದುತ್ತಿದ್ದವನು ಕೊಪ್ಪಳದ ಶಾಂತಕುಮಾರ. ಅವಳು ‘ಹುಡುಕಿ’ ಅಂದರೆ ಅವನು ‘ಶೋಧಿಸಿ’ ಮಾಡುತ್ತಿದ್ದ. ‘ಹಿಂದಕ್ಕೆ ಹೋಗಿ’ ಅಂದರೆ ‘ಹಿಂತಿರುಗಿ’. ತನ್ನನ್ನು ಬಿಡಿಸಿ ಅವನ ಕಡೆಯವರನ್ನು ಯಾರನ್ನೋ ಕೂರಿಸಲು ಇವನು ತಪ್ಪು ಹುಡುಕುತ್ತಿದ್ದಾನೆ ಎಂಬ ಗುಮಾನಿ ಅವಳಲ್ಲಿ ಬೇರೂರಿತ್ತು.

ಹೀಗಿರುವಾಗ ಆಡು ಸಾಕುವ ಹೆಣ್ಣುಮಕ್ಕಳಿಗಾಗಿ ಒಂದು ಸಂಸ್ಥೆ ಮಾಡಿಸಿ, ಇವರಿಬ್ಬರು ಕನ್ನಡಕ್ಕೆ ತಂದಿದ್ದ ಆ್ಯಪ್‌ನ ಬಗ್ಗೆ ತಕರಾರು ಬಂತು. ಯಾವ ಆಡಿಗೆ ಯಾವಾಗ ಲಸಿಕೆ ಆಯಿತೆಂದು ಅದರಲ್ಲಿ ತುಂಬಬೇಕು. ಬೇವೂರಿನ ಹೆಂಗಸರು ಎಲ್ಲ ತುಂಬಿ, ಕೊನೆಯ ಬಟನ್ ಮಾತ್ರ ಒತ್ತುತ್ತಿರಲಿಲ್ಲ. ಅದರ ಮೇಲೆ ‘ರೆಕಾರ್ಡ್ ಮಾಡಿ’ ಎಂದಿತ್ತು. ಒತ್ತಿದರೆ ಮನೆಯ ಮಾತೆಲ್ಲ ರೆಕಾರ್ಡ್ ಆಗಿ ಯಾರಿಗೋ ಹೋಗುತ್ತದೆ ಎಂಬ ಸುದ್ದಿ ಓಣಿ ತುಂಬ ಹಬ್ಬಿತ್ತು.

ಆ ಪದ ತಾನು ಬರೆದದ್ದಲ್ಲ ಎಂದು ರೇಣುಕಾಗೆ ಖಾತ್ರಿಯಿತ್ತು. ಮತ್ಯಾರು ಬರೆದಿರಬೇಕು? ಸಂಸ್ಥೆಯವರು ಇಬ್ಬರನ್ನೂ ಬೇವೂರಿಗೆ ಕಳಿಸಿದಾಗ, ಬಸ್ಸಿನಲ್ಲಿ ಅವಳು ನೇರವಾಗಿಯೇ ಕೇಳಿದಳು.

“ಅದು ನೀವು ಹಾಕಿದ್ದಲ್ಲೇನ್ರಿ?”

ಶಾಂತಕುಮಾರ ಸಿಟ್ಟಾಗಲಿಲ್ಲ. ಅವಳೇ ಹಾಕಿರಬೇಕೆಂದು ಅವನೂ ತಿಳಿದಿದ್ದನಂತೆ. ಅವನು ಏಜೆನ್ಸಿಗೆ ಫೋನು ಮಾಡಿ ವಿಚಾರಿಸಿ ಹೇಳಿದಾಗ ಬೇರೆಯೇ ಸಂಗತಿ ತಿಳಿಯಿತು. ಹಿಂದೆ ಧ್ವನಿ ಮುದ್ರಿಸುವ ಒಂದು ಆ್ಯಪ್‌ಗೆ ಯಾರೋ ಮಾಡಿದ ಅನುವಾದವನ್ನು ಅವರ ಸಾಫ್ಟ್‌ವೇರ್ ನೆನಪಿಟ್ಟುಕೊಂಡಿತ್ತು. ಇಲ್ಲೂ ‘ರೆಕಾರ್ಡ್’ ಎಂಬ ಅದೇ ಇಂಗ್ಲಿಷ್ ಪದ ಬಂದದ್ದರಿಂದ ಹಳೆಯ ಕನ್ನಡವನ್ನೇ ತಾನಾಗಿ ತಂದು ಕೂರಿಸಿ, ಯಾರೂ ತಿದ್ದದಂತೆ ಆ ಸಾಲಿಗೆ ಬೀಗ ಹಾಕಿತ್ತು. ಅಂಥ ಸಾಲುಗಳು ಬಂದಿದ್ದು ರೇಣುಕಾಗೆ ನೆನಪಾಯಿತು. ಮುಟ್ಟುವ ಹಾಗಿಲ್ಲ ಎಂದು ಓದದೆ ದಾಟಿದ್ದಳು. ತಾನೂ ಹಾಗೇ ದಾಟಿದ್ದೆ ಎಂದ ಅವನು. ಆದರೂ ಅವನ ಮಾತನ್ನು ಅವಳು ಪೂರ್ತಿ ನಂಬಲಿಲ್ಲ.

ಬೇವೂರಿನಲ್ಲಿ ದುರಗಮ್ಮನ ಕಟ್ಟೆಯ ಮೇಲೆ ಹೆಂಗಸರು ಕೂತಿದ್ದರು. ದುರಗಮ್ಮ ಗುಂಪಿನ ಹಿರಿಯಳು. ಅವಳು ಒತ್ತದೆ ಉಳಿದವರು ಒತ್ತುವವರಲ್ಲ. ಶಾಂತಕುಮಾರ ಅವಳ ಫೋನಿನ ಸೆಟ್ಟಿಂಗ್ಸ್ ತೆರೆದು, ಈ ಆ್ಯಪ್‌ಗೆ ಕೊಟ್ಟ ಅನುಮತಿಗಳಲ್ಲಿ ಮೈಕ್ ಇಲ್ಲವೇ ಇಲ್ಲ, ಇದಕ್ಕೆ ಮಾತು ಕೇಳಿಸುವುದು ಸಾಧ್ಯವಿಲ್ಲ ಎಂದು ತೋರಿಸಿದ.

“ಇಲ್ಲದ್ದನ್ನ ತೋರಿಸಿ ನಂಬು ಅಂದ್ರ ಹ್ಯಾಂಗ್ರಿ? ಬಟನ್ ಮ್ಯಾಲೆ ನೀವ ಬರದೀರಲ್ಲ, ರೆಕಾರ್ಡ್ ಮಾಡಿ ಅಂತ,” ಅಂದಳು ದುರಗಮ್ಮ.

ಅವನು ಫೋನನ್ನು ಅವಳ ಕೈಗೆ ಮರಳಿಸಿದ. ‘ದಾಖಲಿಸಿ’ ಎಂದು ಬದಲಿಸೋಣ, ಎಲ್ಲ ಕಡೆ ನಡೆಯುವ ಪದ ಅದೇ, ಎಂದ. ಪಕ್ಕದಲ್ಲಿದ್ದ ಇಮಾಮಬಾನು ಸೆರಗು ಸರಿಮಾಡಿಕೊಂಡು, ಠಾಣೆಯಲ್ಲಿ ಕೇಸು ದಾಖಲು ಮಾಡುತ್ತಾರೆ, ಆಡು ಏನು ತಪ್ಪು ಮಾಡಿದೆ ಎಂದು ಕೇಳಿದಳು. ಯಾರೂ ನಗಲಿಲ್ಲ. ‘ಉಳಿಸಿ’ ಆಗಬಹುದೇ ಎಂದು ರೇಣುಕಾ ಕೇಳಿದಳು. ಉಳಿಸಲಿಕ್ಕೆ ಆಡಿಗೆ ಏನಾಗಿದೆ ಎಂಬ ಅನುಮಾನ ಹೆಂಗಸರಲ್ಲಿ ಹುಟ್ಟಿತು.

ರೇಣುಕಾ ಪದ ಹುಡುಕುವುದನ್ನೇ ಬಿಟ್ಟಳು. ಆ್ಯಪ್ ಬರುವ ಮೊದಲು ಲಸಿಕೆ ಹಾಕಿಸಿದ್ದು ಹೇಗೆ ನೆನಪಿಡುತ್ತಿದ್ದಿರಿ ಎಂದು ವಿಚಾರಿಸಿದಳು.

“ಗ್ವಾಡಿ ಮ್ಯಾಲೆ ಇದ್ದಲಿಲೆ ಬರದಿಡ್ತಿದ್ವಿ,” ಅಂದಳು ಇಮಾಮಬಾನು.

ರೇಣುಕಾ ಶಾಂತಕುಮಾರನ ಮುಖ ನೋಡಿದಳು. ಇದು ಆಡುಮಾತು ಎಂದು ಹೊಡೆದುಹಾಕುತ್ತಾನೆ ಎಂದುಕೊಂಡಳು. ಅವನು ಮೆಲ್ಲಗೆ, “‘ಬರೆದಿಡಿ’ ಅಂದ್ರ ಎಲ್ಲಾ ಜಿಲ್ಲಾದಾಗೂ ತಿಳೀತದ. ಬಟನ್ನಿನಾಗೂ ಹಿಡಸ್ತದ,” ಅಂದ. ಹಿಂದೆ ಹಾಕಿಸಿದ ಲಸಿಕೆಗಳ ಪುಟಕ್ಕೂ ಇದೇ ಇಂಗ್ಲಿಷ್ ಪದವಿದೆ, ಅಲ್ಲಿ ಅದು ಕ್ರಿಯಾಪದವಲ್ಲ, ‘ಬರೆದಿಟ್ಟದ್ದು’ ಅನ್ನಬೇಕು ಎಂದು ಅವನೇ ನೆನಪಿಸಿದ.

ಏಜೆನ್ಸಿಯವರು ಆ ಸಾಲಿನ ಬೀಗ ತೆಗೆದರು. ಆ್ಯಪ್ ಹೊಸದಾಗಿ ಬಂದ ಮೇಲೆ ಬೇವೂರಿನಿಂದ ಮಾಹಿತಿ ಬರತೊಡಗಿತು. ಮೊದಲು ಬಂದದ್ದು, ದುರಗಮ್ಮನನ್ನೂ ಕಾಯದೆ ಒತ್ತಿದ ಇಮಾಮಬಾನುವಿನ ಆಡುಗಳದು. ದುರಗಮ್ಮ ಇನ್ನೂ ಕೆಲವು ದಿನ ಕಾದು, ಇಮಾಮಬಾನುವಿನ ಮನೆಯ ಮಾತು ಎಲ್ಲಿಯೂ ಹೊರಬೀಳಲಿಲ್ಲವೆಂದು ನೋಡಿಕೊಂಡೇ ಒತ್ತಿದಳು.

ರೇಣುಕಾ ಈಗ ಬೀಗ ಹಾಕಿದ ಸಾಲುಗಳನ್ನು ಮೊದಲು ಓದುತ್ತಾಳೆ. ಎರಡರ್ಥದ ಪದ ಬಂದರೆ ಪರದೆಯ ಚಿತ್ರ ಕಳಿಸಿ ಎಂದು ಏಜೆನ್ಸಿಯನ್ನು ಕಾಡುತ್ತಾಳೆ. ಶಾಂತಕುಮಾರನಿಗೂ ಫೋನು ಮಾಡಿ ಕೇಳುತ್ತಾಳೆ. ‘ಹುಡುಕಿ’ಯನ್ನು ಅವನು ಈಗ ತಿದ್ದುವುದಿಲ್ಲ. ಯಾಕೆ ತಿದ್ದುವುದಿಲ್ಲ ಎಂಬುದೇ ಅವಳಿಗೆ ಈಗಿನ ಗುಮಾನಿ.