ವ್ರಜಲಾಲಭಾಯಿ ಹೊಡೆದ ಎರಡು ಸೊನ್ನೆ

ರಾಜಕೋಟ್‌ನಿಂದ ನಮ್ಮ ಜೊತೆ ಹನೋಯಿ ನೋಡಲು ಬಂದಿದ್ದ ಧಾನ್ಯದ ವ್ಯಾಪಾರಿ ವ್ರಜಲಾಲಭಾಯಿಗೆ, ಅಂಗಡಿಬೀದಿಯಲ್ಲಿ ನಡೆಯುತ್ತಲೇ ಅಲ್ಲಿನ ಹಣ ಡಾಂಗನ್ನು ರೂಪಾಯಿ ಲೆಕ್ಕಕ್ಕೆ ತರುವುದು ನೀರು ಕುಡಿದಷ್ಟು ಸಲೀಸು. "ಎರಡು ಸೊನ್ನೆ ಹೊಡಿ, ಮೂರರಿಂದ ಭಾಗಿಸು. ಮೂವತ್ತು ಸಾವಿರದ ಎಳನೀರು ನೂರು ರೂಪಾಯಿ ಅಷ್ಟೇ," ಎಂದು ಕೇಳದವರಿಗೂ ಹೇಳುತ್ತಿದ್ದರು.

ರೇಷ್ಮೆ ಶಾಲಿನ ಅಂಗಡಿಯೊಂದರ ಹಲಗೆಯಲ್ಲಿ ಬರೀ 150 ಎಂದಿತ್ತು. ಭಾಯಿ ಇದ್ದ ಒಂದು ಸೊನ್ನೆಯ ಜೊತೆ ಇಲ್ಲದ ಇನ್ನೊಂದನ್ನೂ ಹೊಡೆದು ಭಾಗಿಸಿದರು.

"ಅರ್ಧ ರೂಪಾಯಿ. ಪಾಪ, ಅಂಗಡಿ ಮುಚ್ತಿರಬೇಕು. ನಮ್ಮ ಗುಂಪಿನ ಹತ್ತೂ ಹೆಂಗಸರಿಗೆ ಒಂದೊಂದು ಶಾಲು, ನನ್ನ ಖರ್ಚು."

ಅರ್ಧ ರೂಪಾಯಿಗೂ ಚೌಕಾಸಿ ಬಿಡದೆ ನೂರಕ್ಕೆ ಇಳಿಸಿದರು.

ಹೆಂಗಸರು ಶಾಲು ಹೊದ್ದಾಗಿತ್ತು. ಅಂಗಡಿಯಾಕೆ ಕ್ಯಾಲ್ಕುಲೇಟರಿನಲ್ಲಿ ಹತ್ತು ಲಕ್ಷ ಒತ್ತಿ ತೋರಿಸಿದಳು. ಅಲ್ಲಿನವರು ಹಲಗೆಯ ಮೇಲೆ ಸಾವಿರದ ಮೂರು ಸೊನ್ನೆಗಳನ್ನು ಬರೆಯುವುದೇ ಇಲ್ಲ.

"ಈಗ ಹೊಡೀರಿ ಸೊನ್ನೆ," ಎಂದರು ಹೆಂಡತಿ ಜಶುಬೆನ್.

ಭಾಯಿಯ ತುಟಿ ಅಲ್ಲಾಡಿತು. ಮೂರು ಸಾವಿರದ ಮುನ್ನೂರು ರೂಪಾಯಿಗೂ ಮೇಲೆ.

"ವಾಪಸ್ ಕೊಟ್ಬಿಡೋಣ್ವಾ?"

"ದಾನಶೂರ ಅಂತ ಸಾರ್ಕೊಂಡು, ಈಗ ಮೈಮೇಲಿಂದ ಬಿಚ್ಚಿಸ್ತೀರಾ?"

ಭಾಯಿ ದುಡ್ಡು ಕೊಟ್ಟರು. ಆಮೇಲೆ ಗುಂಪಿನತ್ತ ತಿರುಗಿ ಗಂಟಲು ಸರಿಮಾಡಿಕೊಂಡರು.

"ನಾನು ಚೌಕಾಸಿ ಮಾಡ್ಲಿಲ್ಲ ಅಂದಿದ್ರೆ ಐದು ಸಾವಿರ ಆಗ್ತಿತ್ತು, ನೆನಪಿರ್ಲಿ."